‘ಹೊರತುಪಡಿಸಿ’ ಅಂದರು ಆಡಿಟರ್

‘ಊರಿಗೆ ಕ್ವಾಲಿಫೈಡ್ ಡಾಕ್ಟರ್ ಬಂದಿದ್ದಾರೆ’ ಎಂದರೆ ಜನರಿಗೆ ಸಮಾಧಾನ. ಅದೇ ಪದವನ್ನು ಕಂಪನಿಯ ಆಡಿಟರ್ ಬಳಸಿದರೆ ಷೇರುಪೇಟೆಯಲ್ಲಿ ಪಳಗಿದವರ ಹುಬ್ಬು ಗಂಟಾಗುತ್ತದೆ. ಲೆಕ್ಕಪರಿಶೋಧಕರ ಭಾಷೆಯಲ್ಲಿ ಈ ಪದದ ಅರ್ಥ ತಲೆಕೆಳಗು. ಅಲ್ಲಿ ‘ಅನ್‌ಕ್ವಾಲಿಫೈಡ್’ ಎನ್ನುವುದೇ ಒಳ್ಳೆಯ ಸರ್ಟಿಫಿಕೇಟ್. ‘ಕ್ವಾಲಿಫೈಡ್’ ಎಂದರೆ ಎಲ್ಲೋ ಒಂದು ಕೊಕ್ಕೆ ಇದೆ ಎಂದು. ಅರ್ಹತೆಗೂ ಅದಕ್ಕೂ ಸಂಬಂಧವಿಲ್ಲ, ಆಡಿದ ಮಾತಿಗೆ ಹಾಕಿದ ಷರತ್ತು ಅದು. ‘ಹುಡುಗ ಒಳ್ಳೆಯವನೇ, ಆದರೆ...’ ಎಂದು ಯಾರಾದರೂ ಹೆಣ್ಣಿನ ಕಡೆಯವರಿಗೆ ಹೇಳಿದಾಗ ಅವರ ಕಿವಿ ನೆಟ್ಟಗಾಗುವುದು ಆ ‘ಆದರೆ’ಗೆ ತಾನೆ? ಇದೂ ಅಂಥದೇ.

ಆ ‘ಆದರೆ’ಯನ್ನು ಹುಡುಕುವುದೇನೂ ಕಷ್ಟವಲ್ಲ. ದೊಡ್ಡ ಕಂಪನಿಯ ವಾರ್ಷಿಕ ವರದಿ ಇನ್ನೂರು ಮುನ್ನೂರು ಪುಟಗಳ ಹೊತ್ತಗೆ. ಅಧ್ಯಕ್ಷರ ನಗುಮುಖ, ಗಿಡ ನೆಡುತ್ತಿರುವ ಸಿಬ್ಬಂದಿಯ ಚಿತ್ರ, ಬಣ್ಣದ ನಕ್ಷೆಗಳು ಎಲ್ಲ ಮುಗಿದ ಮೇಲೆ ಎಲ್ಲೋ ನಡುವಿನಲ್ಲಿ ಆಡಿಟರ್ ವರದಿ ಬರುತ್ತದೆ. ಹಿಂದೆಲ್ಲ ಅಭಿಪ್ರಾಯ ಸಿಗಬೇಕಾದರೆ ಹಲವು ಪ್ಯಾರಾಗಳನ್ನು ದಾಟಬೇಕಿತ್ತು. 2018ರ ಏಪ್ರಿಲ್‌ನಿಂದ ಶುರುವಾದ ಲೆಕ್ಕದ ವರ್ಷಗಳಿಗೆ ಭಾರತದಲ್ಲಿ ಬಂದ ಹೊಸ ಮಾದರಿಯಲ್ಲಿ ಅಭಿಪ್ರಾಯವೇ ಮೊದಲು, ಅದರ ಬೆನ್ನಿಗೆ ಕಾರಣ. ಪಿಡಿಎಫ್ ತೆರೆದು `Basis for` ಎಂದು ಹುಡುಕಿದರೆ ನೇರ ಅಲ್ಲಿಗೇ ಹೋಗಬಹುದು. ಮುಂದೆ `Opinion` ಎಂದಷ್ಟೇ ಇದ್ದರೆ ವರದಿ ಕ್ಲೀನ್. ನಡುವೆ `Qualified`, `Adverse`, `Disclaimer of` ಎಂಬುವುಗಳಲ್ಲಿ ಒಂದು ನುಸುಳಿದ್ದರೆ, ಷೇರುದಾರ ಚಹಾ ಪಕ್ಕಕ್ಕಿಟ್ಟು ಓದಬೇಕಾದ ಪುಟ ಅದು.

ನಾಲ್ಕು ಬಗೆ ಎಂದಾಕ್ಷಣ ಶಾಲೆಯ ಅಂಕಪಟ್ಟಿ ನೆನಪಾಗುತ್ತದೆ: ಡಿಸ್ಟಿಂಕ್ಷನ್, ಫಸ್ಟ್ ಕ್ಲಾಸ್, ಪಾಸು, ಫೇಲು. ಹಾಗೆ ತಿಳಿದುಕೊಂಡರೆ ದಾರಿ ತಪ್ಪುತ್ತದೆ. ಆಡಿಟರ್ ಕಂಪನಿಗೆ ಅಂಕ ಕೊಡುವುದಿಲ್ಲ. ಕಂಪನಿ ಬರೆದಿಟ್ಟ ಲೆಕ್ಕವು ವಸ್ತುಸ್ಥಿತಿಯನ್ನು ತೋರಿಸುತ್ತದೆಯೇ ಎಂದಷ್ಟೇ ಹೇಳುತ್ತಾರೆ. ಹೇಳುವ ಮುನ್ನ ಎರಡು ಪ್ರಶ್ನೆ ಹಾಕಿಕೊಳ್ಳುತ್ತಾರೆ. ತೊಡಕು ಎಂಥದು? ಅದು ಎಷ್ಟು ದೂರ ಹಬ್ಬಿದೆ?

ಒಂದು ಕಾಲ್ಪನಿಕ ಕಂಪನಿ ಇಟ್ಟುಕೊಳ್ಳೋಣ. ನೂಲು ಮಾರುವ ಕಂಪನಿ, ವರ್ಷದ ಲಾಭ 12 ಕೋಟಿ ರೂಪಾಯಿ, ಒಟ್ಟು ಆಸ್ತಿ 200 ಕೋಟಿ. ಒಂದು ಮಿಲ್ಲಿನಿಂದ 9 ಕೋಟಿ ಬಾಕಿ ಬರಬೇಕು. ಆ ಮಿಲ್ಲು ಬಾಗಿಲು ಹಾಕಿ ಎರಡು ವರ್ಷವಾಯಿತು. ಆದರೂ ಪುಸ್ತಕದಲ್ಲಿ 9 ಕೋಟಿ ‘ಬರಬೇಕಾದ ಹಣ’ವಾಗಿ ಗಟ್ಟಿಯಾಗಿ ಕೂತಿದೆ. ಆಡಿಟರ್ ‘ಇದನ್ನು ನಷ್ಟಕ್ಕೆ ಬರೆಯಿರಿ’ ಎನ್ನುತ್ತಾರೆ, ಮಾಲೀಕರು ಒಪ್ಪುವುದಿಲ್ಲ. ಇಲ್ಲಿ ಆಡಿಟರ್‌ಗೆ ಅನುಮಾನವಿಲ್ಲ, ಲೆಕ್ಕ ತಪ್ಪಿದೆ ಎಂದು ಗೊತ್ತು. ತಪ್ಪು ದೊಡ್ಡದೇ, ಆದರೆ ಒಂದೇ ಬಾಬಿಗೆ ಅಂಟಿಕೊಂಡಿದೆ. ಮಿಕ್ಕ ಲೆಕ್ಕಕ್ಕೆ ಸೋಂಕಿಲ್ಲ. ಆಗ ‘ಈ ಬಾಕಿಯ ವಿಚಾರ ಹೊರತುಪಡಿಸಿ ಉಳಿದದ್ದು ಸರಿ’ ಎಂದು ಬರೆಯುತ್ತಾರೆ. ಇದು ಕ್ವಾಲಿಫೈಡ್.

ಅದೇ ಕಂಪನಿಯ ಬಾಕಿ, ದಾಸ್ತಾನು, ಸಾಲ, ಅಂಗಸಂಸ್ಥೆಗಳ ಲೆಕ್ಕ ಎಲ್ಲದರಲ್ಲೂ ಇಂಥ ತಪ್ಪು ಹಬ್ಬಿದ್ದರೆ ‘ಹೊರತುಪಡಿಸಿ’ ಎಂದು ಬರೆಯಲು ಏನೂ ಉಳಿಯುವುದಿಲ್ಲ. ‘ಈ ಲೆಕ್ಕ ನಿಜಸ್ಥಿತಿಯನ್ನು ತೋರಿಸುವುದಿಲ್ಲ’ ಎಂದೇ ಹೇಳಬೇಕಾಗುತ್ತದೆ. ಅದು ಅಡ್ವರ್ಸ್, ಪ್ರತಿಕೂಲ ಅಭಿಪ್ರಾಯ.

ಇನ್ನೊಂದು ಬಗೆಯ ತೊಡಕು ಬೇರೆ ಜಾತಿಯದು. ಆಡಿಟರ್ ಗೋದಾಮಿಗೆ ಹೋದಾಗ ಬೀಗ, ಬ್ಯಾಂಕಿಗೆ ಬರೆದ ಪತ್ರಕ್ಕೆ ಉತ್ತರವಿಲ್ಲ, ಕೇಳಿದ ಕಡತ ‘ಹುಡುಕುತ್ತಿದ್ದೇವೆ ಸಾರ್’. ಇಲ್ಲಿ ಲೆಕ್ಕ ತಪ್ಪು ಎಂದು ಹೇಳಲು ಪುರಾವೆ ಇಲ್ಲ, ಸರಿ ಎನ್ನಲೂ ಇಲ್ಲ. ಕಾಣದಿದ್ದದ್ದು ಒಂದೇ ಗೋದಾಮಾದರೆ ಅದನ್ನು ಹೊರತುಪಡಿಸಿ ಕ್ವಾಲಿಫೈಡ್ ಕೊಡಬಹುದು. ಕತ್ತಲು ಇಡೀ ಮನೆಗೇ ಕವಿದಿದ್ದರೆ ಅವರು ‘ನಾವು ಅಭಿಪ್ರಾಯವನ್ನೇ ಕೊಡುವುದಿಲ್ಲ’ ಎಂದು ಕೈಮುಗಿಯುತ್ತಾರೆ. ಅದು ಡಿಸ್‌ಕ್ಲೈಮರ್. ಅಡ್ವರ್ಸ್ ಕೊಟ್ಟವರು ನೋಡಿ ‘ಸುಳ್ಳು’ ಎಂದವರು; ಡಿಸ್‌ಕ್ಲೈಮರ್ ಕೊಟ್ಟವರು ನೋಡಲಾಗದೆ ‘ಗೊತ್ತಿಲ್ಲ’ ಎಂದವರು.

ಈ ಮಾತುಗಳೆಲ್ಲ ಒಂದೇ ಕಂಪನಿಯ ಬಾಗಿಲಿಗೆ ಒಂದರ ಹಿಂದೊಂದು ಬಂದು ನಿಂತ ನಿದರ್ಶನ ಜಪಾನಿನಲ್ಲಿದೆ. ನಮ್ಮ ಮನೆಗಳಿಗೂ ಲ್ಯಾಪ್‌ಟಾಪು, ಟಿವಿಯಾಗಿ ಬಂದಿದ್ದ ತೋಶಿಬಾ.

ತೋಶಿಬಾ ಕತೆ ಶುರುವಾಗುವುದು ಕ್ಲೀನ್ ವರದಿಗಳಿಂದ. 2015ರ ಜುಲೈನಲ್ಲಿ ಸ್ವತಂತ್ರ ಸಮಿತಿಯೊಂದು ಬಯಲು ಮಾಡಿದ ಪ್ರಕಾರ, ಕಂಪನಿ ಸುಮಾರು ಏಳು ವರ್ಷಗಳಲ್ಲಿ 15,180 ಕೋಟಿ ಯೆನ್‌ನಷ್ಟು ಲಾಭವನ್ನು ಉಬ್ಬಿಸಿ ತೋರಿಸಿತ್ತು. ಆ ವರ್ಷಗಳ ಉದ್ದಕ್ಕೂ ಆಡಿಟರ್ ‘ಸರಿಯಿದೆ’ ಎಂದೇ ಸಹಿ ಹಾಕಿದ್ದರು. ಆಡಿಟ್ ಸಂಸ್ಥೆ ಅರ್ನ್ಸ್ಟ್ ಅಂಡ್ ಯಂಗ್ ಶಿನ್‌ನಿಹೋನ್‌ಗೆ ಜಪಾನ್ ಸರ್ಕಾರ 210 ಕೋಟಿ ಯೆನ್ ದಂಡ ಹಾಕಿತು. ತೋಶಿಬಾ ಆಡಿಟರನ್ನು ಬದಲಿಸಿತು. 2016ರ ಏಪ್ರಿಲ್‌ನಿಂದ ಶುರುವಾದ ವರ್ಷಕ್ಕೆ ಪಿಡಬ್ಲ್ಯುಸಿ ಆರಾತಾ ಬಂತು.

ಹೊಸಬರು ಬರುವ ಹೊತ್ತಿಗೆ ಒಳಗೆ ಇನ್ನೊಂದು ಬಾಂಬು ಟಿಕ್‌ಟಿಕ್ ಎನ್ನುತ್ತಿತ್ತು. ತೋಶಿಬಾದ ಅಮೆರಿಕನ್ ಅಂಗಸಂಸ್ಥೆ ವೆಸ್ಟಿಂಗ್‌ಹೌಸ್ ಅಲ್ಲಿನ ಜಾರ್ಜಿಯಾ ಮತ್ತು ದಕ್ಷಿಣ ಕೆರೊಲಿನಾದಲ್ಲಿ ಅಣುಸ್ಥಾವರಗಳನ್ನು ಕಟ್ಟುತ್ತಿತ್ತು. ಕೆಲಸ ಕುಂಟುತ್ತ, ಖರ್ಚು ಏರುತ್ತ, ಗುತ್ತಿಗೆದಾರರೊಂದಿಗೆ ಜಗಳ ಬೆಳೆದಾಗ, ವೆಸ್ಟಿಂಗ್‌ಹೌಸ್ ಆ ಗುತ್ತಿಗೆ ಕಂಪನಿಯನ್ನೇ ಕೊಂಡುಕೊಂಡಿತು. ಹೆಸರು ಸ್ಟೋನ್ ಅಂಡ್ ವೆಬ್‌ಸ್ಟರ್, ವ್ಯವಹಾರ ಮುಗಿದದ್ದು 2015ರ ಡಿಸೆಂಬರ್ 31ರಂದು. ಸುಮಾರು ಒಂದು ವರ್ಷದ ಬಳಿಕ, 2016ರ ಡಿಸೆಂಬರ್ ಕೊನೆಯಲ್ಲಿ, ಈ ಖರೀದಿಯ ಜೊತೆಗೆ ಹೊತ್ತು ತಂದ ಹೊರೆ ಶತಕೋಟಿಗಟ್ಟಲೆ ಡಾಲರ್ ಎಂದು ತೋಶಿಬಾ ಹೂಡಿಕೆದಾರರಿಗೆ ತಿಳಿಸಿತು.

ಇಲ್ಲಿಂದ ಆಡಿಟರ್ ಮತ್ತು ಕಂಪನಿಯ ಹಗ್ಗಜಗ್ಗಾಟ. ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ ಫಲಿತಾಂಶವನ್ನು 2017ರ ಫೆಬ್ರುವರಿ 14ಕ್ಕೆ ಕೊಡಬೇಕಿತ್ತು. ಕೊಡಲಿಲ್ಲ. ಮಾರ್ಚ್ 14ಕ್ಕೆ ಮುಂದೂಡಿತು, ಅಂದೂ ಆಗಲಿಲ್ಲ. ಕೊನೆಗೆ ಏಪ್ರಿಲ್ 11ರಂದು ಆಡಿಟರ್ ಒಪ್ಪಿಗೆಯಿಲ್ಲದೆಯೇ ಅಂಕಿಅಂಶ ಹೊರಗೆ ಬಿಟ್ಟಿತು. ಪಿಡಬ್ಲ್ಯುಸಿ ಕೊಟ್ಟದ್ದು ತ್ರೈಮಾಸಿಕ ಪರಿಶೀಲನೆಯ ಡಿಸ್‌ಕ್ಲೈಮರ್. ವೆಸ್ಟಿಂಗ್‌ಹೌಸ್‌ನ ಹಿರಿಯರು ಲೆಕ್ಕದ ವಿಷಯದಲ್ಲಿ ಕೆಳಗಿನವರ ಮೇಲೆ ಒತ್ತಡ ಹಾಕಿದ್ದರು ಎಂಬ ದೂರು ಒಳಗಿನಿಂದಲೇ ಬಂದಿತ್ತು. ಅದರಿಂದ ಲೆಕ್ಕವೇನೂ ಬದಲಾಗುವುದಿಲ್ಲ ಎಂದು ಕಂಪನಿ, ತಮ್ಮ ತನಿಖೆ ಇನ್ನೂ ಮುಗಿದಿಲ್ಲ ಎಂದು ಆಡಿಟರ್. ಆ ದಿನ ತೋಶಿಬಾ ಷೇರು ಕೈಯಲ್ಲಿದ್ದವನಿಗೆ ಸಿಕ್ಕ ಸುದ್ದಿ ‘ಲೆಕ್ಕ ಸುಳ್ಳು’ ಎಂಬುದಲ್ಲ. ‘ಈ ಸಂಖ್ಯೆಗಳ ಹಿಂದೆ ಯಾರ ಜಾಮೀನೂ ಇಲ್ಲ’ ಎಂಬುದು.

ವಾರ್ಷಿಕ ಲೆಕ್ಕಕ್ಕೆ ಹೀಗೆ ಮಾಡುವಂತಿರಲಿಲ್ಲ. ವಾರ್ಷಿಕ ವರದಿಗೆ ಅಡ್ವರ್ಸ್ ಅಥವಾ ಡಿಸ್‌ಕ್ಲೈಮರ್ ಬಂದರೆ ಟೋಕಿಯೊ ಷೇರು ವಿನಿಮಯ ಕೇಂದ್ರ ಕಂಪನಿಯನ್ನು ಪಟ್ಟಿಯಿಂದಲೇ ಕಿತ್ತುಹಾಕಬಹುದಿತ್ತು. ಜೂನ್ 30ರ ಗಡುವನ್ನು ಆಗಸ್ಟ್ 10ಕ್ಕೆ ವಿಸ್ತರಿಸಿಕೊಂಡು ಎರಡೂ ಕಡೆಯವರು ಒಂದೇ ಪ್ರಶ್ನೆಯ ಮೇಲೆ ಕಿತ್ತಾಡಿದರು. ನಷ್ಟ ಎಷ್ಟು ಎಂಬುದರ ಮೇಲಲ್ಲ, ಅದು ಯಾವ ವರ್ಷಕ್ಕೆ ಸೇರಬೇಕು ಎಂಬುದರ ಮೇಲೆ.

ಆ ಅಣುಸ್ಥಾವರ ಗುತ್ತಿಗೆಗಳ ಸುಮಾರು 65,220 ಕೋಟಿ ಯೆನ್ ನಷ್ಟವನ್ನು ತೋಶಿಬಾ 2017ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಬರೆದಿತ್ತು. ಆಡಿಟರ್ ವಾದ ಬೇರೆ: ಖರೀದಿ ನಡೆದಾಗಲೇ ಖರ್ಚು ಮಿತಿಮೀರಲಿದೆ ಎಂಬ ಮಾಹಿತಿ ಕೈಗೆಟಕುವಂತಿತ್ತು, ಆದ್ದರಿಂದ ಈ ನಷ್ಟದ ಗಣನೀಯ ಭಾಗ 2016ರ ಮಾರ್ಚ್‌ಗೆ ಮುಗಿದ ಹಿಂದಿನ ವರ್ಷಕ್ಕೆ ಸೇರಬೇಕಿತ್ತು.

ಹೋದ ದುಡ್ಡು ಹೋಯಿತು, ಯಾವ ವರ್ಷವಾದರೇನು ಎನಿಸಬಹುದು. ಗುಟ್ಟಿರುವುದು ಅಲ್ಲೇ. 2016ರ ಮಾರ್ಚ್‌ನಲ್ಲಿ ತೋಶಿಬಾದ ಸ್ವಂತ ಬಂಡವಾಳ, ಅಂದರೆ ಆಸ್ತಿಯಲ್ಲಿ ಸಾಲ ಕಳೆದರೆ ಷೇರುದಾರರಿಗೆ ಉಳಿಯುವ ಮೊತ್ತ, ಸುಮಾರು 33,000 ಕೋಟಿ ಯೆನ್. ಆ ವರ್ಷವೇ ನಷ್ಟದ ದೊಡ್ಡ ಪಾಲನ್ನು ಬರೆದಿದ್ದರೆ, ಮೇಲ್ನೋಟದ ಲೆಕ್ಕದಲ್ಲೇ ಬಂಡವಾಳ ಶೂನ್ಯಕ್ಕಿಂತ ಕೆಳಗೆ ಹೋಗುವ ಅಪಾಯವಿತ್ತು. 2017ರ ಮಾರ್ಚ್‌ನಲ್ಲಂತೂ ಅದು ಮೈನಸ್ 55,290 ಕೋಟಿ ಯೆನ್ ಆಗಿಯೇ ಬಿಟ್ಟಿತು. ಸತತ ಎರಡು ವರ್ಷ ಬಂಡವಾಳ ಮೈನಸ್ ಆದರೆ ಪಟ್ಟಿಯಿಂದ ಹೊರಗೆ ಎಂಬುದು ಟೋಕಿಯೊ ಪೇಟೆಯ ನಿಯಮ. ಒಂದು ನಷ್ಟ ಯಾವ ತಾರೀಖಿನ ಕೆಳಗೆ ಕೂರುತ್ತದೆ ಎಂಬುದರ ಮೇಲೆ ಷೇರುದಾರನ ಇಡೀ ಗಂಟು ನಿಂತಿತ್ತು.

ಆಗಸ್ಟ್ 10ರಂದು ತೀರ್ಪು ಬಂತು. ಹಣಕಾಸು ಲೆಕ್ಕಕ್ಕೆ ಕ್ವಾಲಿಫೈಡ್: ‘ಆ ನಷ್ಟದ ವರ್ಷವನ್ನು ಹೊರತುಪಡಿಸಿ ಉಳಿದದ್ದು ಸರಿ.’ ಕಂಪನಿ ನಿಟ್ಟುಸಿರು ಬಿಟ್ಟಿತು. ಆದರೂ ಓದುಗನಿಗೆ ಒಂದು ಪ್ರಶ್ನೆ ಉಳಿಯುತ್ತದೆ. ಆ ವರ್ಷದ ಒಟ್ಟು ನಷ್ಟ 96,570 ಕೋಟಿ ಯೆನ್. ತಕರಾರಿಗೆ ಸಿಕ್ಕಿದ ಮೊತ್ತ ಅದರ ಮೂರರಲ್ಲಿ ಎರಡು ಪಾಲಿನಷ್ಟು. ಇದನ್ನು ‘ಒಂದೇ ಬಾಬಿಗೆ ಸೀಮಿತ’ ಎಂದು ಹೇಳಬಹುದೇ? ನಿಯಮದ ಪ್ರಕಾರ, ಒಂದೇ ಬಾಬಾದರೂ ಅದು ಲೆಕ್ಕದ ಬಹುಪಾಲನ್ನು ನುಂಗುವಂತಿದ್ದರೆ ಹಬ್ಬಿದೆ ಎಂದೇ ಎಣಿಸಬಹುದು. ಆದರೆ ಇದಕ್ಕೆ ಇಷ್ಟು ಶೇಕಡಾ ಎಂಬ ಗೆರೆ ಎಲ್ಲೂ ಇಲ್ಲ. ಆಡಿಟರ್ ವಿವೇಚನೆಗೆ ಬಿಟ್ಟದ್ದು. ಕ್ವಾಲಿಫೈಡ್ ಮತ್ತು ಅಡ್ವರ್ಸ್ ನಡುವಿನ ಗೋಡೆ ಪುಸ್ತಕದಲ್ಲಿ ಕಾಣುವಷ್ಟು ದಪ್ಪವಿಲ್ಲ. ಹಾಗಾಗಿ ಕ್ವಾಲಿಫೈಡ್ ವರದಿಯ ತಲೆಬರಹ ನೋಡಿ ‘ಸದ್ಯ, ಇಷ್ಟೇ ತಾನೆ’ ಎಂದು ಪುಟ ಮಗುಚುವವನು ಅರ್ಧ ಸುದ್ದಿ ಮಾತ್ರ ಓದಿದ ಹಾಗೆ.

ಇನ್ನರ್ಧ ಸುದ್ದಿ ಅದೇ ದಿನ ಪಕ್ಕದ ಕಾಗದದಲ್ಲಿತ್ತು. ತೋಶಿಬಾದ ಆಂತರಿಕ ನಿಯಂತ್ರಣದ ಬಗ್ಗೆ, ಅಂದರೆ ತಪ್ಪು ಲೆಕ್ಕ ಹೊರಗೆ ಹೋಗದಂತೆ ತಡೆಯುವ ಒಳಗಿನ ಕಾವಲಿನ ಬಗ್ಗೆ, ಪಿಡಬ್ಲ್ಯುಸಿ ಕೊಟ್ಟದ್ದು ನೇರ ಅಡ್ವರ್ಸ್. ಕ್ವಾಲಿಫೈಡ್ ಹೇಳಿದ್ದು ಒಂದು ಸಂಖ್ಯೆಯ ಮಾತು. ಈ ಅಡ್ವರ್ಸ್ ಹೇಳಿದ್ದು ಸಂಖ್ಯೆಗಳು ಹುಟ್ಟುವ ಅಡುಗೆಮನೆಯ ಮಾತು.

ಭಾರತದ ಷೇರುದಾರರಿಗೂ ಇದು ನೇರವಾಗಿ ಅನ್ವಯಿಸುತ್ತದೆ. ಇಲ್ಲಿನ 2013ರ ಕಂಪನಿ ಕಾಯ್ದೆಯಲ್ಲೂ ಆಂತರಿಕ ಹಣಕಾಸು ನಿಯಂತ್ರಣದ ಬಗ್ಗೆ ಆಡಿಟರ್ ಪ್ರತ್ಯೇಕ ಅಭಿಪ್ರಾಯ ಕೊಡಬೇಕು. ಅದು ಸಾಮಾನ್ಯವಾಗಿ ಮುಖ್ಯ ವರದಿಯ ಹಿಂದಿನ ಅನುಬಂಧದಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತದೆ. ಹಣಕಾಸು ಲೆಕ್ಕಕ್ಕೇ ಅಡ್ವರ್ಸ್ ಬೀಳುವುದು ಬಹಳ ಅಪರೂಪ. ಅಷ್ಟು ದೂರ ಹೋಗುವ ಮೊದಲೇ ಕಂಪನಿ ಲೆಕ್ಕ ತಿದ್ದಿಕೊಳ್ಳುತ್ತದೆ, ಇಲ್ಲವೇ ಆಡಿಟರ್ ಕೆಲಸ ಬಿಟ್ಟು ಹೋಗುತ್ತಾರೆ. ಆದ್ದರಿಂದ ಆ ಪದವನ್ನು ಹುಡುಕುವವರು ಅನುಬಂಧದಲ್ಲೂ ಒಮ್ಮೆ ಕಣ್ಣಾಡಿಸಬೇಕು.

ಡಿಸ್‌ಕ್ಲೈಮರ್‌ಗೆ ಭಾರತದಲ್ಲೇ ನೆನಪಿನಲ್ಲುಳಿಯುವ ನಿದರ್ಶನವಿದೆ. ಗೃಹಸಾಲ ಕಂಪನಿ ಡಿಎಚ್‌ಎಫ್‌ಎಲ್‌ನ 2018–19ರ ಲೆಕ್ಕದ ಮೇಲೆ ಆಡಿಟರ್‌ಗಳು, ಸಾಕಷ್ಟು ಪುರಾವೆ ಸಿಗಲಿಲ್ಲ, ಅಭಿಪ್ರಾಯ ಕೊಡಲಾಗದು ಎಂದರು. ಅದು 2019ರ ಜುಲೈ. ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಆಡಳಿತ ಮಂಡಳಿಯನ್ನು ವಜಾ ಮಾಡಿ ಕಂಪನಿಯನ್ನು ದಿವಾಳಿ ಪ್ರಕ್ರಿಯೆಗೆ ಒಯ್ದಿತು. 2021ರಲ್ಲಿ ಪಿರಾಮಲ್ ಸಮೂಹ ಕಂಪನಿಯನ್ನು ಪಡೆದಾಗ ಹಳೆಯ ಷೇರುಗಳ ಬೆಲೆ ಸೊನ್ನೆ. ಜುಲೈನಲ್ಲಿ ‘ಬರೇ ಕಾಗದಪತ್ರದ ತೊಡಕು’ ಎಂದುಕೊಂಡು ಕೂತವರಿಗೆ ಒಂದು ಪೈಸೆಯೂ ಬರಲಿಲ್ಲ.

ಹಾಗಾದರೆ ಕ್ಲೀನ್ ವರದಿ ಇದ್ದರೆ ನಿಶ್ಚಿಂತೆಯೇ? ಇಲ್ಲಿ ಎರಡು ಮಾತು ಬೇರೆ ಬೇರೆ. ಮೊದಲನೆಯದು, ಕ್ಲೀನ್ ವರದಿಯೇ ತಪ್ಪಿರಬಹುದು. ಸತ್ಯಂ ಕಂಪ್ಯೂಟರ್ಸ್‌ನ ರಾಮಲಿಂಗ ರಾಜು 2009ರ ಜನವರಿ 7ರಂದು ತಪ್ಪೊಪ್ಪಿಗೆ ಪತ್ರ ಬರೆದಾಗ, ಪುಸ್ತಕದಲ್ಲಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ. ಆ ತನಕದ ವಾರ್ಷಿಕ ವರದಿಗಳಲ್ಲಿ ಇದ್ದದ್ದು ಅನ್‌ಕ್ವಾಲಿಫೈಡ್ ಅಭಿಪ್ರಾಯ. ಆಡಿಟರ್ ಎಲ್ಲ ರಸೀದಿ ನೋಡುವುದಿಲ್ಲ. ಮಾದರಿ ಹೆಕ್ಕಿ ಪರೀಕ್ಷಿಸುತ್ತಾರೆ. ವರದಿ ಕೊಡುವುದು ‘ಸಾಕಷ್ಟು ಭರವಸೆ’, ಗ್ಯಾರಂಟಿಯಲ್ಲ.

ಎರಡನೆಯದು ಜನ ಹೆಚ್ಚಾಗಿ ಎಡವುವ ಕಲ್ಲು. ಕ್ಲೀನ್ ವರದಿ ನೂರಕ್ಕೆ ನೂರು ಸರಿಯಿದ್ದೂ ಕಂಪನಿ ಮುಳುಗುತ್ತಿರಬಹುದು. ವೊಡಾಫೋನ್ ಐಡಿಯಾ 2019–20ರಲ್ಲಿ 73,878 ಕೋಟಿ ರೂಪಾಯಿ ನಷ್ಟ ತೋರಿಸಿತು. ಆಡಿಟರ್ ಅಭಿಪ್ರಾಯ ಕ್ಲೀನ್! ಕಂಪನಿ ತನ್ನ ದುಃಸ್ಥಿತಿಯನ್ನು ಮುಚ್ಚಿಡದೆ ಬರೆದಿತ್ತು. ಬರೆದದ್ದು ನಿಜ ಎಂದು ಆಡಿಟರ್ ಹೇಳಿದರು, ಅಷ್ಟೆ. ಆದರೆ ಅಭಿಪ್ರಾಯದ ಕೆಳಗೇ ಒಂದು ಪ್ರತ್ಯೇಕ ಪ್ಯಾರಾ ಇತ್ತು: ಕಂಪನಿ ಮುಂದೆ ನಡೆದುಕೊಂಡು ಹೋಗುವ ಸಾಮರ್ಥ್ಯದ ಬಗ್ಗೆ ಗಂಭೀರ ಅನಿಶ್ಚಿತತೆ ಇದೆ ಎಂದು. `Material Uncertainty Related to Going Concern` ಎಂಬ ಶೀರ್ಷಿಕೆಯ ಆ ಪ್ಯಾರಾ ಅಭಿಪ್ರಾಯವನ್ನು ಬದಲಿಸುವುದಿಲ್ಲ. ಎಷ್ಟೋ ಸಲ ಷೇರುದಾರನಿಗೆ ಕ್ವಾಲಿಫಿಕೇಷನ್‌ಗಿಂತ ಅದೇ ದೊಡ್ಡ ಸುದ್ದಿ.

ಕ್ವಾಲಿಫೈಡ್ ವರದಿ ಕೈಗೆ ಬಂದಾಗ ಓದಬೇಕಾದ ಇನ್ನೊಂದು ಹಾಳೆ ಇದೆ, ಅದನ್ನು ತೆರೆಯುವವರು ಕಡಿಮೆ. ಪಟ್ಟಿಯಾದ ಕಂಪನಿಗೆ ಕ್ಲೀನ್ ಅಲ್ಲದ ಅಭಿಪ್ರಾಯ ಬಂದರೆ, ಸೆಬಿ ನಿಯಮದಂತೆ ವಾರ್ಷಿಕ ಫಲಿತಾಂಶದ ಜೊತೆ `Statement on Impact of Audit Qualifications` ಎಂಬ ತಃಖ್ತೆಯನ್ನು ಷೇರು ವಿನಿಮಯ ಕೇಂದ್ರಕ್ಕೆ ಕೊಡಬೇಕು. ಅದರಲ್ಲಿ ಎರಡು ಕಂಬಸಾಲು. ಒಂದರಲ್ಲಿ ಕಂಪನಿ ಪ್ರಕಟಿಸಿದ ವಹಿವಾಟು, ಖರ್ಚು, ಲಾಭ, ಪ್ರತಿ ಷೇರಿನ ಗಳಿಕೆ, ಆಸ್ತಿ, ಸಾಲ. ಪಕ್ಕದಲ್ಲಿ ಆಡಿಟರ್ ತಕರಾರನ್ನು ಒಪ್ಪಿಕೊಂಡಿದ್ದರೆ ಅವು ಎಷ್ಟಾಗುತ್ತಿದ್ದವು ಎಂಬ ಲೆಕ್ಕ.

ನಮ್ಮ ನೂಲಿನ ಕಂಪನಿಯನ್ನು ಈ ತಃಖ್ತೆಗೆ ತಂದು ನೋಡಿದರೆ, ಎಡಗಡೆ ಲಾಭ 12 ಕೋಟಿ, ಬಲಗಡೆ 9 ಕೋಟಿ ಬಾಕಿ ಕಳೆದು ಉಳಿದದ್ದು 3 ಕೋಟಿ. ತೆರಿಗೆಯ ಮಾತು ಸದ್ಯ ಬದಿಗಿರಲಿ. ಒಂದು ಕೋಟಿ ಷೇರುಗಳಿದ್ದರೆ ಪ್ರತಿ ಷೇರಿನ ಗಳಿಕೆ 12 ರೂಪಾಯಿಯಿಂದ 3 ರೂಪಾಯಿಗೆ ಇಳಿಯಿತು. ಷೇರು 240 ರೂಪಾಯಿಗೆ ನಡೆಯುತ್ತಿದ್ದರೆ, ಗಳಿಕೆಯ ಇಪ್ಪತ್ತು ಪಟ್ಟು ಬೆಲೆ ಕೊಟ್ಟೆ ಎಂದುಕೊಂಡವನು ನಿಜಕ್ಕೂ ಕೊಟ್ಟದ್ದು ಎಂಬತ್ತು ಪಟ್ಟು. ಬಲಗಡೆಯ ಕಂಬಸಾಲಿನಲ್ಲಿ ಸಂಖ್ಯೆಯೇ ಇಲ್ಲದೆ ‘ಪರಿಣಾಮ ಅಂದಾಜಿಸಲಾಗದು’ ಎಂದಿದ್ದರೆ ಅದು ಇನ್ನೂ ಕಿರಿಕಿರಿಯ ಸುದ್ದಿ. ಕಾರಣವನ್ನು ಆಡಳಿತ ಮಂಡಳಿ ಅಲ್ಲೇ ಬರೆಯಬೇಕು, ಅದಕ್ಕೆ ಆಡಿಟರ್ ತಮ್ಮ ಮಾತನ್ನೂ ಸೇರಿಸಬೇಕು. ಕೆಳಗೆ ಕಂಪನಿಯ ಮುಖ್ಯಸ್ಥರು, ಹಣಕಾಸು ಮುಖ್ಯಸ್ಥರು, ಆಡಿಟ್ ಸಮಿತಿಯ ಅಧ್ಯಕ್ಷರು, ಆಡಿಟರ್ ನಾಲ್ವರ ಸಹಿಯೂ ಇರುತ್ತದೆ.

ವಾರ್ಷಿಕ ಸಭೆಯಲ್ಲಿ ‘ಆಡಿಟರ್ ವರದಿಯನ್ನು ಓದಿದಂತೆ ಭಾವಿಸೋಣವೇ?’ ಎಂದು ಕೇಳಿ ಮುಂದೆ ಹೋಗುವ ರೂಢಿ ಇದೆ. ವರದಿ ಕ್ಲೀನ್ ಇದ್ದರೆ ಅದು ಸರಿ. ಕಂಪನಿಯ ನಡೆಗೆ ಧಕ್ಕೆ ತರುವಂಥ ತಕರಾರು ವರದಿಯಲ್ಲಿದ್ದರೆ, ಕಾಯ್ದೆಯ 145ನೇ ಕಲಮಿನಂತೆ ಅದನ್ನು ಸಭೆಯಲ್ಲಿ ಓದಿ ಹೇಳಲೇಬೇಕು. ಪ್ರತಿಯೊಂದು ತಕರಾರಿಗೂ ನಿರ್ದೇಶಕರ ವರದಿಯಲ್ಲಿ ಸಮಜಾಯಿಷಿ ಇರಬೇಕು ಎಂಬುದು 134ನೇ ಕಲಮು. ಆ ಸಮಜಾಯಿಷಿಯನ್ನು ಹಿಂದಿನ ವರ್ಷದ ವರದಿಯ ಪಕ್ಕದಲ್ಲಿಟ್ಟು ಓದಿದರೆ, ತಾರೀಖು ಬಿಟ್ಟರೆ ಅಕ್ಷರ ಅಕ್ಷರವೂ ಅದೇ ಎಂದು ಕೆಲವೊಮ್ಮೆ ಗೊತ್ತಾಗುತ್ತದೆ.

ಸೆಬಿ ತಃಖ್ತೆಯಲ್ಲಿ ಅದಕ್ಕೆಂದೇ ಒಂದು ಸಾಲು ಇದೆ, `Frequency of qualification`: ಈ ತಕರಾರು ಮೊದಲ ಸಲವೇ, ಪದೇ ಪದೇ ಬರುತ್ತಿದೆಯೇ, ಎಷ್ಟು ಕಾಲದಿಂದ ಇದೆ? ನೂಲಿನ ಕಂಪನಿ ಆ ಸಾಲಿನಲ್ಲಿ ‘ಮೊದಲ ಸಲ’ ಎಂದು ಬರೆದಿದ್ದರೆ ಷೇರುದಾರ ಸಭೆಯಲ್ಲಿ ಕೇಳಬೇಕಾದದ್ದು, ಮಿಲ್ಲಿನ ಮೇಲೆ ವಸೂಲಿ ದಾವೆ ಹಾಕಿದ್ದೀರಾ ಎಂದು. ‘ಮೂರನೆಯ ವರ್ಷ’ ಎಂದು ಬರೆದಿದ್ದರೆ, ಆ ಮಿಲ್ಲು ಯಾರದು ಎಂದು.